ಆಪ್‌ನಲ್ಲಿ ‘ರಿಫಂಡ್ ಆಗಿದೆ’ ಅಂತಿದೆ, ಅಕೌಂಟ್‌ಗೆ ಬಂದಿಲ್ಲ. ದುಡ್ಡು ಎಲ್ಲಿ ನಿಂತಿದೆ ಅಂತ ಪತ್ತೆ ಮಾಡೋದು ಹೇಗೆ?

ಸುಮಾ_ಸರಸ್ವತಿಪುರಂ · 24 ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ಒಂದು ದೊಡ್ಡ ಶಾಪಿಂಗ್ ಆಪ್‌ನಲ್ಲಿ ಸೆಪ್ಟೆಂಬರ್ 28ಕ್ಕೆ ಮಿಕ್ಸಿ ತರಿಸಿದ್ದೆ, 6,499 ರೂಪಾಯಿ. ಜಾರಿನ ಅಡಿಯಿಂದ ನೀರು ಸೋರುತ್ತಿತ್ತು, ವಾಪಸ್ ಕೊಟ್ಟೆ. ಅಕ್ಟೋಬರ್ 9ಕ್ಕೆ ಹುಡುಗ ಬಂದು ತೆಗೆದುಕೊಂಡು ಹೋದ. 13ನೇ ತಾರೀಕು ಆಪ್‌ನಲ್ಲಿ ‘ರಿಫಂಡ್ ಕಂಪ್ಲೀಟೆಡ್’ ಅಂತ ಹಸಿರು ಟಿಕ್ ಬಂತು. ಇವತ್ತಿನವರೆಗೂ ಅಕೌಂಟ್‌ಗೆ ಒಂದು ರೂಪಾಯಿ ಬಂದಿಲ್ಲ.

ಆಪ್‌ನವರಿಗೆ ಫೋನ್ ಮಾಡಿದರೆ “ನಮ್ಮ ಕಡೆಯಿಂದ ಹೋಗಿದೆ ಮೇಡಂ, ಬ್ಯಾಂಕಿನವರನ್ನು ಕೇಳಿ” ಅಂತಾರೆ. ಬ್ಯಾಂಕಿಗೆ ಹೋದರೆ ಅಕೌಂಟ್ ತೆಗೆದು ನೋಡಿ “ನಮಗೆ ಏನೂ ಬಂದಿಲ್ಲ ಮೇಡಂ, ಅವರನ್ನೇ ಕೇಳಿ” ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತಿಲ್ಲ. ಹಾಗಾದರೆ ದುಡ್ಡು ಎಲ್ಲಿದೆ?

---

ಅರಸೀಕೆರೆಯವನು · 24 ಅಕ್ಟೋಬರ್

ಮೇಡಂ, ಸುಮ್ಮನಿರಬೇಡಿ. ರಿಸರ್ವ್ ಬ್ಯಾಂಕಿನ ರೂಲ್ ಇದೆ. ದುಡ್ಡು ಕಟ್ ಆಗಿ ಕೆಲಸ ಆಗದಿದ್ದರೆ 5 ದಿನದೊಳಗೆ ವಾಪಸ್ ಕೊಡಬೇಕು. ಅದು ದಾಟಿದರೆ ದಿನಕ್ಕೆ 100 ರೂಪಾಯಿ ಬ್ಯಾಂಕ್ ಕೊಡಬೇಕು. ನಿಮಗೆ ಆರೇಳುನೂರು ರೂಪಾಯಿ ಬರಬೇಕು, ಬಿಡಬೇಡಿ. ನನಗೆ ಒಂದು ಸಲ ಕರೆಂಟ್ ಬಿಲ್ ಕಟ್ಟುವಾಗ ದುಡ್ಡು ಕಟ್ ಆಗಿ ಬಿಲ್ ಪೆಂಡಿಂಗ್ ಅಂತಲೇ ತೋರಿಸುತ್ತಿತ್ತು. ನಾನು ಕೇಳಿ ಇಸ್ಕೊಂಡೆ.

---

ಲೆಕ್ಕದಮನೆ_ಕುವೆಂಪುನಗರ · 24 ಅಕ್ಟೋಬರ್

ನಾನು ಒಂದು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಲೆಕ್ಕ ತಾಳೆ ನೋಡುವ ಕೆಲಸದಲ್ಲಿದ್ದೆ, ಈಗ ನಿವೃತ್ತಿ. ಸುಮಾ ಅವರೇ, ಮೊದಲು ಎರಡು ವಿಷಯ ಹೇಳಿ. ದುಡ್ಡು ಕಟ್ಟಿದ್ದು ಹೇಗೆ, ಯುಪಿಐ, ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್, ಯಾವುದರಲ್ಲಿ? ಆಪ್‌ನಲ್ಲಿ ಆ ಹಸಿರು ಟಿಕ್ ಕೆಳಗೆ ಏನಾದರೂ ನಂಬರ್ ಇದೆಯಾ? ಇದ್ದರೆ ಎಷ್ಟು ಅಂಕಿ ಇದೆ, ಅಕ್ಷರಗಳೂ ಇವೆಯಾ ನೋಡಿ. ಪೂರ್ತಿ ನಂಬರ್ ಇಲ್ಲಿ ಹಾಕಬೇಡಿ.

ಅರಸೀಕೆರೆಯವರೇ, ನೀವು ಹೇಳಿದ ರೂಲ್ ನಿಜವಾಗಿಯೂ ಇದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅದು. ಆದರೆ ಅದು ಅರ್ಧಕ್ಕೆ ಕೆಟ್ಟುಹೋದ ವ್ಯವಹಾರಕ್ಕೆ. ಅಂದರೆ ನಿಮ್ಮ ಖಾತೆಯಿಂದ ದುಡ್ಡು ಕಟ್ ಆಗಿ, ಅಂಗಡಿಯವರಿಗೆ ‘ಬಂತು’ ಅಂತ ಸಂದೇಶ ಹೋಗದೆ ಇದ್ದಾಗ. ನಿಮ್ಮ ಕರೆಂಟ್ ಬಿಲ್ ಅದೇ ಥರದ್ದು. ಸುಮಾ ಅವರ ಪೇಮೆಂಟ್ ಸರಿಯಾಗಿಯೇ ಆಗಿತ್ತು, ಮಿಕ್ಸಿಯೂ ಮನೆಗೆ ಬಂದಿತ್ತು. ಆಮೇಲೆ ಸಾಮಾನು ವಾಪಸ್ ಕೊಟ್ಟರು. ಇದು ಬೇರೆ ದಾರಿ, ದಿನಕ್ಕೆ 100 ರೂಪಾಯಿ ಲೆಕ್ಕ ಇಲ್ಲಿ ನೇರವಾಗಿ ಕೂರುವುದಿಲ್ಲ.

---

ಸುಮಾ_ಸರಸ್ವತಿಪುರಂ · 24 ಅಕ್ಟೋಬರ್

ಸರ್, ಡೆಬಿಟ್ ಕಾರ್ಡ್. ಟಿಕ್ ಕೆಳಗೆ ‘ರಿಫಂಡ್ ಐಡಿ’ ಅಂತ ಒಂದು ಇದೆ, ಅಕ್ಷರ ಅಂಕಿ ಎರಡೂ ಸೇರಿದೆ. ಅದನ್ನೇ ಬ್ಯಾಂಕಿನಲ್ಲಿ ತೋರಿಸಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು, ತುಂಬಾ ಹೊತ್ತು ಹುಡುಕಿದಳು, ಸಿಗಲಿಲ್ಲ.

---

ಲೆಕ್ಕದಮನೆ_ಕುವೆಂಪುನಗರ · 24 ಅಕ್ಟೋಬರ್

ಸಿಗುವುದಿಲ್ಲ. ಆ ನಂಬರ್ ಆಪ್‌ನವರ ಸ್ವಂತ ಪುಸ್ತಕದ್ದು. ಬ್ಯಾಂಕಿನ ಯಾವ ಸಿಸ್ಟಂಗೂ ಅದು ಗೊತ್ತಿಲ್ಲ.

ದುಡ್ಡು ಹೋಗುವ ದಾರಿ ಹೇಳುತ್ತೇನೆ. ಆಪ್‌ನವರು ರಿಫಂಡ್ ಒತ್ತಿದಾಗ ದುಡ್ಡು ಹೊರಡುವುದಿಲ್ಲ, ಒಂದು ಸೂಚನೆ ಹೊರಡುತ್ತದೆ. ಅದು ಪೇಮೆಂಟ್ ಗೇಟ್‌ವೇಗೆ ಹೋಗುತ್ತದೆ. ಗೇಟ್‌ವೇ ಅದನ್ನು ತನ್ನ ಬ್ಯಾಂಕಿಗೆ ಕೊಡುತ್ತದೆ, ಅಂದರೆ ಅಂಗಡಿಯವರ ಪರವಾಗಿ ಕಾರ್ಡ್ ದುಡ್ಡು ವಸೂಲಿ ಮಾಡಿದ ಬ್ಯಾಂಕಿಗೆ. ಆ ಬ್ಯಾಂಕು ಕಾರ್ಡ್ ನೆಟ್‌ವರ್ಕ್‌ಗೆ ಫೈಲ್ ಕಳಿಸುತ್ತದೆ. ನೆಟ್‌ವರ್ಕಿನಿಂದ ನಿಮ್ಮ ಬ್ಯಾಂಕಿನ ಕಾರ್ಡ್ ವಿಭಾಗಕ್ಕೆ ಬರುತ್ತದೆ. ಅಲ್ಲಿಂದ ನಿಮ್ಮ ಖಾತೆಗೆ. ನೀವು ಕಾರ್ಡ್ ಉಜ್ಜಿದಾಗ ಎರಡೇ ಸೆಕೆಂಡಿನಲ್ಲಿ ಮೆಸೇಜ್ ಬರುತ್ತದಲ್ಲ, ಹಾಗೆ ವಾಪಸ್ ಬರುವಾಗ ಆಗುವುದಿಲ್ಲ. ಸಾಮಾನ್ಯವಾಗಿ ರಿಫಂಡ್ ಫೈಲ್‌ಗಳಲ್ಲಿ ಕಂತುಕಂತಾಗಿ ಬರುತ್ತದೆ.

ಈ ದಾರಿಯಲ್ಲಿ ಒಬ್ಬೊಬ್ಬರೂ ತಮ್ಮ ಕೈಯಿಂದ ಮುಂದಕ್ಕೆ ದಾಟಿಸಿದ ಕೂಡಲೇ ‘ಆಯಿತು’ ಅಂತ ಬರೆದುಕೊಳ್ಳುತ್ತಾರೆ. ಆಪ್‌ನ ‘ಕಂಪ್ಲೀಟೆಡ್’ ಅಂದರೆ ಅವರ ಪಾಲಿನದು ಮುಗಿಯಿತು ಅಂತ ಅಷ್ಟೇ. ನಿಮ್ಮ ಖಾತೆಯನ್ನು ಅವರು ನೋಡಲಾರರು.

ನೀವು ಈಗ ಆಪ್‌ನವರಿಗೆ ಬರೆದು ಒಂದೇ ಒಂದು ಕೇಳಿ: ಈ ರಿಫಂಡಿನ ಎಆರ್‌ಎನ್ ಕೊಡಿ ಅಂತ. ಕಾರ್ಡ್ ರಿಫಂಡಿಗೆ 23 ಅಂಕಿಯ ನಂಬರ್ ಅದು, ಅಕ್ಷರ ಇರುವುದಿಲ್ಲ. ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರೆ ಕೊಡುವ ರಸೀದಿ ಇದ್ದ ಹಾಗೆ. ಅದು ಹುಟ್ಟಿದೆ ಅಂದರೆ ಅಂಗಡಿಯವರ ಬ್ಯಾಂಕಿನಿಂದ ಹೊರಟಿದೆ ಅಂತ ಅರ್ಥ. ಅದೇ ಇಲ್ಲ ಅಂದರೆ ನಿಮ್ಮ ಬ್ಯಾಂಕಿನವರನ್ನು ಕೇಳಿ ಪ್ರಯೋಜನವೇ ಇಲ್ಲ.

---

ಬೆಲ್ಲದಂಗಡಿ_ಮಂಡ್ಯ · 24 ಅಕ್ಟೋಬರ್

ಸುಮಾ ಅಕ್ಕ, ನಾನು ಮಂಡ್ಯದಿಂದ ಆನ್‌ಲೈನಲ್ಲಿ ಬೆಲ್ಲ ಮಾರ್ತೀನಿ. ಸ್ವಂತ ವೆಬ್‌ಸೈಟ್, ಗೇಟ್‌ವೇ ಹಾಕಿಸಿಕೊಂಡಿದ್ದೇನೆ. ಮಾರುವವನ ಕಡೆಯಿಂದ ಏನಾಗುತ್ತದೆ ಅಂತ ಹೇಳ್ತೀನಿ, ಯಾಕೆಂದರೆ ಜನ ಇದನ್ನು ನೋಡಿರುವುದಿಲ್ಲ.

ಗಿರಾಕಿ 900 ರೂಪಾಯಿ ಕಟ್ಟಿದರು ಅಂದುಕೊಳ್ಳಿ. ಎರಡು ಕೆಲಸದ ದಿನ ಆದಮೇಲೆ ಗೇಟ್‌ವೇ ತನ್ನ ಕಮಿಷನ್ ಹಿಡಿದು ಉಳಿದದ್ದನ್ನು ನನ್ನ ಬ್ಯಾಂಕ್ ಖಾತೆಗೆ ಹಾಕುತ್ತದೆ. ನಾನು ಅದರಲ್ಲಿ ಆಲೆಮನೆಯವರಿಗೆ ದುಡ್ಡು ಕೊಟ್ಟು ಮುಗಿಸಿರ್ತೀನಿ. ಹತ್ತು ದಿನ ಬಿಟ್ಟು ಗಿರಾಕಿ “ಅಚ್ಚು ಕರಗಿ ಬಂದಿದೆ, ದುಡ್ಡು ವಾಪಸ್ ಮಾಡಿ” ಅಂತಾರೆ. ನಾನು ಡ್ಯಾಶ್‌ಬೋರ್ಡ್‌ನಲ್ಲಿ ರಿಫಂಡ್ ಒತ್ತುತ್ತೀನಿ. ಆ 900 ನನ್ನ ಬ್ಯಾಂಕ್ ಖಾತೆಯಿಂದ ಕಟ್ ಆಗುವುದಿಲ್ಲ. ಗೇಟ್‌ವೇ ಹತ್ತಿರ ಬಾಕಿ ಇರುವ ನನ್ನ ಇವತ್ತಿನ ವ್ಯಾಪಾರದ ದುಡ್ಡಿನಿಂದ ಕಟ್ ಆಗುತ್ತದೆ.

ಆ ದಿನ ವ್ಯಾಪಾರ 400 ರೂಪಾಯಿ ಮಾತ್ರ ಆಗಿದ್ದರೆ? ರಿಫಂಡ್ ಪೆಂಡಿಂಗ್ ಅಂತ ನಿಂತುಬಿಡುತ್ತದೆ. ಮುಂದಿನ ಆರ್ಡರ್ ಬರುವ ತನಕ, ಇಲ್ಲಾ ನಾನೇ ಗೇಟ್‌ವೇಗೆ ದುಡ್ಡು ತುಂಬುವ ತನಕ ಅದು ಅಲ್ಲೇ. ಗಿರಾಕಿಗೆ ಮಾತ್ರ ನನ್ನ ವೆಬ್‌ಸೈಟ್‌ನಿಂದ ‘ರಿಫಂಡ್ ಮಾಡಲಾಗಿದೆ’ ಅಂತ ಮೇಲ್ ಹೋಗಿಬಿಟ್ಟಿರುತ್ತಿತ್ತು. ಈಗ ಅದನ್ನು ಬದಲಾಯಿಸಿ, ಗೇಟ್‌ವೇ ‘ಪ್ರೊಸೆಸ್ಡ್’ ಅಂದಮೇಲೆ ಮೇಲ್ ಹೋಗುವ ಹಾಗೆ ಮಾಡಿಸಿದ್ದೇನೆ. ಸಣ್ಣ ಅಂಗಡಿಗಳಲ್ಲಿ ತಡ ಆಗುವುದು ಹೆಚ್ಚಾಗಿ ಇಲ್ಲೇ. ಲೆಕ್ಕದಮನೆ ಸರ್ ಹೇಳಿದ ನಂಬರ್ ಆಗ ಹುಟ್ಟಿಯೇ ಇರುವುದಿಲ್ಲ.

ಕಮಿಷನ್ ನನಗೆ ವಾಪಸ್ ಬರುವುದಿಲ್ಲ, ಅದು ಬೇರೆ ಸಂಕಟ.

---

ಹೆಬ್ಬಾಳ_2ನೇಹಂತ · 24 ಅಕ್ಟೋಬರ್

ನನ್ನದೂ ಇದೇ ಸಮಸ್ಯೆ. ಯುಪಿಐನಲ್ಲಿ ಕಟ್ಟಿದ್ದೆ. ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿದ್ದು, 780 ರೂಪಾಯಿ. ಅವರು 12 ಅಂಕಿ ನಂಬರ್ ಕೊಟ್ಟಿದ್ದಾರೆ. ನನ್ನ ಬ್ಯಾಂಕ್ ಆಪ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆದರೆ ಇಲ್ಲ. ಏನು ಮಾಡಲಿ?

---

ಲೆಕ್ಕದಮನೆ_ಕುವೆಂಪುನಗರ · 24 ಅಕ್ಟೋಬರ್

ಹೆಬ್ಬಾಳದವರೇ, ಟಿಕೆಟ್ ತೆಗೆದ ದಿನ ದುಡ್ಡು ಯಾವ ಬ್ಯಾಂಕ್ ಖಾತೆಯಿಂದ ಹೋಗಿತ್ತು ಅಂತ ಯುಪಿಐ ಆಪ್‌ನ ಹಿಸ್ಟರಿಯಲ್ಲಿ ಆ ವ್ಯವಹಾರ ತೆಗೆದು ನೋಡಿ. ಈಗ ಆಪ್‌ನಲ್ಲಿ ಮೊದಲು ಕಾಣುವ ಖಾತೆ ಅಲ್ಲ, ಆ ದಿನದ ಖಾತೆ. ರಿಫಂಡ್ ಹೋಗುವುದು ಅಲ್ಲಿಗೇ.

---

ಹೆಬ್ಬಾಳ_2ನೇಹಂತ · 24 ಅಕ್ಟೋಬರ್

ಸಿಕ್ಕಿತು ಸರ್. ನಡುವೆ ಸಂಬಳದ ಖಾತೆ ಬದಲಾಗಿತ್ತು. ಹಳೆಯ ಖಾತೆಗೆ ಬಂದು ಕೂತಿದೆ. ಆ ಖಾತೆಗೆ ಹಳೆಯ ಮೊಬೈಲ್ ನಂಬರ್ ಇದ್ದದ್ದರಿಂದ ಮೆಸೇಜೂ ಬಂದಿಲ್ಲ. 12 ಅಂಕಿ ನಂಬರ್ ಹಾಗೇ ಹೊಂದುತ್ತದೆ. ತುಂಬಾ ಥ್ಯಾಂಕ್ಸ್.

---

ವಿಜಯನಗರ_ಅತಿಥಿ · 25 ಅಕ್ಟೋಬರ್

ಗೂಗಲ್‌ನಲ್ಲಿ ಹುಡುಕಿದರೆ ಆ ಆಪ್‌ನ ರಿಫಂಡ್ ಹೆಲ್ಪ್‌ಲೈನ್ ನಂಬರ್ ಸಿಗುತ್ತದೆ, ಕೂಡಲೇ ಮಾಡಿಕೊಡ್ತಾರೆ ಅಂತೆ. ನಂಬರ್: [ನಿರ್ವಾಹಕರು ತೆಗೆದಿದ್ದಾರೆ]

---

ನಿರ್ವಾಹಕರು · 25 ಅಕ್ಟೋಬರ್

ಮೇಲಿನ ನಂಬರ್ ತೆಗೆದಿದ್ದೇವೆ. ದಯವಿಟ್ಟು ಹುಡುಕಿ ಸಿಕ್ಕ ನಂಬರ್‌ಗಳನ್ನು ಇಲ್ಲಿ ಹಾಕಬೇಡಿ. ರಿಫಂಡ್ ಬರದೆ ಕಾಯುತ್ತಿರುವವರನ್ನೇ ವಂಚಕರು ಹುಡುಕುತ್ತಾರೆ. ದುಡ್ಡು ನಮ್ಮ ಖಾತೆಗೆ ಬರಲು ಯುಪಿಐ ಪಿನ್ ಬೇಕಾಗಿಲ್ಲ, ಒಟಿಪಿ ಬೇಕಾಗಿಲ್ಲ, ಫೋನಿಗೆ ಯಾವ ಆಪನ್ನೂ ಹಾಕಿಕೊಳ್ಳಬೇಕಾಗಿಲ್ಲ. ಪಿನ್ ಕೇಳಿದರು ಅಂದರೆ ದುಡ್ಡು ಹೊರಗೆ ಹೋಗುತ್ತಿದೆ ಅಂತಲೇ ಅರ್ಥ. ಯಾರಾದರೂ ಈಗಾಗಲೇ ಕೊಟ್ಟುಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

---

ಸುಮಾ_ಸರಸ್ವತಿಪುರಂ · 26 ಅಕ್ಟೋಬರ್

ಎಆರ್‌ಎನ್ ಬಂತು ಸರ್! ಚಾಟ್‌ನಲ್ಲಿ ಮೊದಲು ಮತ್ತೆ ಅದೇ ರಿಫಂಡ್ ಐಡಿ ಕೊಟ್ಟರು. “ಇದಲ್ಲ, 23 ಅಂಕಿಯದು” ಅಂತ ಬರೆದಮೇಲೆ ಮೇಲ್‌ನಲ್ಲಿ ಕಳಿಸಿದರು. ಮುಚ್ಚಬೇಕಾದದ್ದನ್ನು ಮುಚ್ಚಿ ಹಾಕಿದ್ದೇನೆ:

```
7******5289************
```

---

ಲೆಕ್ಕದಮನೆ_ಕುವೆಂಪುನಗರ · 26 ಅಕ್ಟೋಬರ್

ಒಳ್ಳೆಯದಾಯಿತು. ಈಗ ಈ ನಂಬರನ್ನೇ ಓದೋಣ. ಮೊದಲನೆಯ ಅಂಕಿ ಬಿಟ್ಟು, ಆಮೇಲಿನ ಆರು ಅಂಕಿ ಅಂಗಡಿಯವರ ಬ್ಯಾಂಕು ಯಾವುದು ಅಂತ ಹೇಳುತ್ತದೆ. ನೀವು ಮುಚ್ಚಿದ್ದೀರಿ, ಇರಲಿ. ಎಂಟರಿಂದ ಹನ್ನೊಂದನೇ ಅಂಕಿ ನೋಡಿ, 5289. ಅದು ತಾರೀಕು. 5 ಅಂದರೆ ಇಸವಿಯ ಕೊನೆಯ ಅಂಕಿ, 2025. 289 ಅಂದರೆ ವರ್ಷದ 289ನೇ ದಿನ. ಸೆಪ್ಟೆಂಬರ್ 30ಕ್ಕೆ 273 ದಿನ ಮುಗಿಯುತ್ತದೆ, ಅದರ ಮೇಲೆ 16. ಅಕ್ಟೋಬರ್ 16.

ಅಂದರೆ ಆಪ್ ‘ಕಂಪ್ಲೀಟೆಡ್’ ಅಂದದ್ದು 13ಕ್ಕೆ, ಅಂಗಡಿಯವರ ಬ್ಯಾಂಕು ಇದನ್ನು ಕೈಗೆತ್ತಿಕೊಂಡದ್ದು 16ಕ್ಕೆ. ಮಧ್ಯದ ಮೂರು ದಿನ ಆಪ್ ಮತ್ತು ಗೇಟ್‌ವೇ ನಡುವೆ ಹೋಗಿದೆ. ಇದನ್ನು ನಿಮ್ಮ ಬ್ಯಾಂಕಿನ ತಲೆಗೆ ಕಟ್ಟಬಾರದು.

ಆದರೆ 16ಕ್ಕೆ ಹೊರಟದ್ದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಮ್ಮ ಬ್ಯಾಂಕಿನ ಕಾರ್ಡ್ ವಿಭಾಗ ಮುಟ್ಟಬೇಕು. ದೀಪಾವಳಿ ರಜೆ ಲೆಕ್ಕ ಹಿಡಿದರೂ ಇಷ್ಟು ದಿನ ಜಾಸ್ತಿ ಆಯಿತು. ನನಗೆ ಒಂದು ಅನುಮಾನ ಇದೆ. ಸೆಪ್ಟೆಂಬರ್ 28ರ ನಂತರ ನಿಮ್ಮ ಡೆಬಿಟ್ ಕಾರ್ಡ್ ಏನಾದರೂ ಬದಲಾಗಿದೆಯಾ? ಅವಧಿ ಮುಗಿದು ಹೊಸದು ಬಂತಾ, ಬ್ಲಾಕ್ ಮಾಡಿಸಿದ್ದೀರಾ?

---

ಸುಮಾ_ಸರಸ್ವತಿಪುರಂ · 26 ಅಕ್ಟೋಬರ್

ಹೌದು ಸರ್. ಜಂಬೂಸವಾರಿ ದಿನ ಜನಜಂಗುಳಿಯಲ್ಲಿ ಪರ್ಸ್ ಹೋಯಿತು. ಅವತ್ತೇ ಕಾರ್ಡ್ ಬ್ಲಾಕ್ ಮಾಡಿಸಿದೆ. ಹೊಸ ಕಾರ್ಡ್ ಬೇರೆ ನಂಬರ್. ಖಾತೆ ಅದೇ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

---

ಲೆಕ್ಕದಮನೆ_ಕುವೆಂಪುನಗರ · 26 ಅಕ್ಟೋಬರ್

ಸಂಬಂಧ ಇದೆ. ರಿಫಂಡ್ ಫೈಲ್‌ನಲ್ಲಿ ನಿಮ್ಮ ಹೆಸರು, ಖಾತೆ ನಂಬರ್ ಇರುವುದಿಲ್ಲ. ನೀವು ಕಟ್ಟಿದ ಹಳೆಯ ಕಾರ್ಡಿನ ಲೆಕ್ಕದಲ್ಲೇ ಅದು ಬರುತ್ತದೆ. ತುಂಬಾ ಬ್ಯಾಂಕುಗಳಲ್ಲಿ ಹಳೆಯ ಕಾರ್ಡಿನಿಂದ ಖಾತೆಯನ್ನು ಸಿಸ್ಟಂ ತಾನೇ ಹುಡುಕಿ ಜಮಾ ಮಾಡುತ್ತದೆ. ಕೆಲವು ಕಡೆ ಬ್ಲಾಕ್ ಆದ ಕಾರ್ಡ್ ಅಂತ ಕಂಡ ಕೂಡಲೇ ಅದನ್ನು ಪಕ್ಕಕ್ಕೆ ಇಡುತ್ತದೆ. ಆಗ ದುಡ್ಡು ಬ್ಯಾಂಕಿನದೇ ಒಂದು ಸಸ್ಪೆನ್ಸ್ ಖಾತೆಯಲ್ಲಿ ಕೂರುತ್ತದೆ. ಕಾರ್ಡ್ ವಿಭಾಗದಲ್ಲಿ ಯಾರೋ ಒಬ್ಬರು ಆ ಪಟ್ಟಿ ತೆಗೆದು, ಒಂದೊಂದೇ ನೋಡಿ, ಕೈಯಾರೆ ಜಮಾ ಮಾಡಬೇಕು. ನಾನು ವರ್ಷಗಟ್ಟಲೆ ಮಾಡಿದ ಕೆಲಸ ಅದು. ಹಬ್ಬದ ಸೀಸನ್ನಿನಲ್ಲಿ ಆ ಪಟ್ಟಿ ಉದ್ದ ಆಗುತ್ತದೆ.

ಶಾಖೆಯ ಹುಡುಗಿಗೆ ನಿಮ್ಮ ಖಾತೆಯ ಪುಟ ಮಾತ್ರ ಕಾಣುತ್ತದೆ, ಆ ಪಟ್ಟಿ ಕಾಣುವುದಿಲ್ಲ. ಆದ್ದರಿಂದ ‘ಬಂದಿಲ್ಲ’ ಅಂದಳು. ಅವಳಿಗೆ ಕಾಣುವಷ್ಟರಲ್ಲಿ ಅದು ನಿಜವೇ.

ಹೀಗೆ ಮಾಡಿ. ಬ್ಯಾಂಕಿನ ವೆಬ್‌ಸೈಟ್‌ನಲ್ಲಿರುವ ದೂರಿನ ವಿಳಾಸಕ್ಕೆ ಮೇಲ್ ಬರೆಯಿರಿ. “ರಿಫಂಡ್ ಬಂದಿಲ್ಲ” ಅಂತ ಬರೆದರೆ ಮತ್ತೆ ಅದೇ ಉತ್ತರ ಬರುತ್ತದೆ. “ಈ ಎಆರ್‌ಎನ್‌ನ ಜಮಾ ಕಾರ್ಡ್ ವಿಭಾಗಕ್ಕೆ ಬಂದು, ಹಳೆಯ ಕಾರ್ಡ್ ಬ್ಲಾಕ್ ಆಗಿರುವ ಕಾರಣ ಪೋಸ್ಟ್ ಆಗದೆ ಉಳಿದಿದೆಯೇ ನೋಡಿ” ಅಂತಲೇ ಬರೆಯಿರಿ. ಜೊತೆಗೆ ಪೂರ್ತಿ ಎಆರ್‌ಎನ್, ಮೊತ್ತ, ಖರೀದಿ ತಾರೀಕು, ಹಳೆಯ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಖಾತೆ ನಂಬರ್. ಇಷ್ಟು ಸಾಕು. ಪೂರ್ತಿ ಕಾರ್ಡ್ ನಂಬರ್ ಬೇಡ. ದೂರಿನ ನಂಬರ್ ಕೊಡುತ್ತಾರೆ, ಅದನ್ನು ಇಟ್ಟುಕೊಳ್ಳಿ.

---

ಅರಸೀಕೆರೆಯವನು · 27 ಅಕ್ಟೋಬರ್

ಇಷ್ಟೆಲ್ಲ ಯಾಕೆ ಸರ್? ಹೊಸ ಕಾರ್ಡ್ ನಂಬರ್ ಕೊಟ್ಟು ಇದಕ್ಕೇ ಹಾಕಿ ಅಂತ ಆಪ್‌ನವರಿಗೆ ಹೇಳಿದರೆ ಆಗಲ್ವಾ?

---

ಬೆಲ್ಲದಂಗಡಿ_ಮಂಡ್ಯ · 27 ಅಕ್ಟೋಬರ್

ಆಗಲ್ಲ ಅಣ್ಣ. ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಬೇರೆ ಕಾರ್ಡ್ ನಂಬರ್ ಹಾಕುವ ಜಾಗವೇ ಇಲ್ಲ. ಯಾವ ಪೇಮೆಂಟ್ ಇತ್ತೋ ಅದರ ಮೇಲೆಯೇ ರಿಫಂಡ್ ಒತ್ತಬೇಕು. ಗಿರಾಕಿ ತಾವೇ ಒಪ್ಪಿದರೆ ಮಾತ್ರ ಬೇರೆ ದಾರಿಯಲ್ಲಿ ಕೊಡಬಹುದು, ರಿಸರ್ವ್ ಬ್ಯಾಂಕ್ ಗೇಟ್‌ವೇಗಳಿಗೆ ಹಾಗೇ ಹೇಳಿದೆ. ಈಗಂತೂ ಅಕ್ಕನ ದುಡ್ಡು ಆಗಲೇ ಹೊರಟಾಗಿದೆ. ಇನ್ನೊಂದು ಸಲ ಹಾಕಿದರೆ ಎರಡೆರಡು ಸಲ ಕೊಟ್ಟ ಹಾಗೆ ಆಗುತ್ತದೆ, ಯಾರೂ ಹಾಕಲ್ಲ.

---

ಸುಮಾ_ಸರಸ್ವತಿಪುರಂ · 31 ಅಕ್ಟೋಬರ್

ಬಂತು! 27ಕ್ಕೆ ಮೇಲ್ ಮಾಡಿದ್ದೆ, ನಿನ್ನೆ ಜಮಾ ಆಗಿದೆ. ಪೂರ್ತಿ 6,499. ಬ್ಯಾಂಕಿನ ಉತ್ತರದಲ್ಲಿ ಇದ್ದದ್ದು ಸರ್ ಹೇಳಿದ್ದೇ: 17ಕ್ಕೆ ಅವರ ಕೈ ಸೇರಿದೆ, ಕಾರ್ಡ್ ಬ್ಲಾಕ್ ಆಗಿದ್ದರಿಂದ ತಾನಾಗಿ ಪೋಸ್ಟ್ ಆಗಿಲ್ಲ. ಶಾಖೆಯ ಆ ಹುಡುಗಿಗೂ ಹೋಗಿ ಹೇಳಿ ಬಂದೆ. ಅವಳು ಎಆರ್‌ಎನ್ ಅಂತ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೊಂಡಳು.

ಒಂದು ಪ್ರಶ್ನೆ ಉಳಿದಿದೆ. 17ರಿಂದ 30ರವರೆಗೆ ನನ್ನ ದುಡ್ಡು ಅವರ ಹತ್ತಿರ ಇತ್ತು. ನಾನು ಬರೆಯದೆ ಇದ್ದಿದ್ದರೆ ಎಷ್ಟು ದಿನ ಇರುತ್ತಿತ್ತು? ಅದಕ್ಕೆ ಏನೂ ಪರಿಹಾರ ಇಲ್ವಾ?

---

ಅರಸೀಕೆರೆಯವನು · 31 ಅಕ್ಟೋಬರ್

ಈಗಲಾದರೂ ನನ್ನ ಮಾತು ಕೇಳಿ, 100 ರೂಪಾಯಿ ಲೆಕ್ಕ ಇಲ್ಲಿ ಬರಬೇಕು. ಬ್ಯಾಂಕಿನ ಕೈಗೆ ಬಂದಮೇಲೆ ತಡ ಮಾಡಿದ್ದು ಬ್ಯಾಂಕೇ ತಾನೇ?

---

ಲೆಕ್ಕದಮನೆ_ಕುವೆಂಪುನಗರ · 31 ಅಕ್ಟೋಬರ್

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಸುತ್ತೋಲೆಯ ಪಟ್ಟಿಯಲ್ಲಿ ಇಂಥ ಪ್ರಕರಣ ನನಗೆ ಕಾಣುವುದಿಲ್ಲ, ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಗ್ರಾಹಕರ ದುಡ್ಡನ್ನು ಸಸ್ಪೆನ್ಸ್‌ನಲ್ಲಿ ಎರಡು ವಾರ ಇಟ್ಟುಕೊಂಡದ್ದು ಸೇವೆಯ ಕೊರತೆ ಅಂತ ಕೇಳಬಹುದು. ಸುಮಾ ಅವರೇ, 17 ಮತ್ತು 30, ಈ ಎರಡು ತಾರೀಕು ಹಾಕಿ, ಆ ದಿನಗಳ ಬಡ್ಡಿ ಮತ್ತು ಪರಿಹಾರ ಕೊಡಿ ಅಂತ ಅದೇ ಮೇಲ್‌ಗೆ ಉತ್ತರ ಬರೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು. ಖರ್ಚಿಲ್ಲ. ಕೊಡುತ್ತಾರೆ ಅಂತ ನಾನು ಮಾತು ಕೊಡಲಾರೆ.

ಆಪ್‌ನವರ ಮೂರು ದಿನದ ಬಗ್ಗೆ ಕೇಳಬೇಕೆಂದರೆ ಅದು ಗ್ರಾಹಕರ ಸಹಾಯವಾಣಿ 1915ಕ್ಕೆ ಹೋಗುತ್ತದೆ, ಓಂಬುಡ್ಸ್‌ಮನ್‌ಗೆ ಅಲ್ಲ. ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಬೇಡಿ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಲು ಅದೇ ದಾರಿ ಆಗುತ್ತದೆ.

---

ಬೆಲ್ಲದಂಗಡಿ_ಮಂಡ್ಯ · 1 ನವೆಂಬರ್

ಸರ್, ನನ್ನದೊಂದು. ಗಿರಾಕಿ ಖಾತೆಯನ್ನೇ ಮುಚ್ಚಿಬಿಟ್ಟಿದ್ದರೆ? ಹೋದ ತಿಂಗಳು ಹಾಸನದ ಒಬ್ಬರಿಗೆ 1,150 ಕಳಿಸಿದ್ದೆ. ಡ್ಯಾಶ್‌ಬೋರ್ಡ್‌ನಲ್ಲಿ ‘ಪ್ರೊಸೆಸ್ಡ್’ ಅಂತಿದೆ. ಅವರು ಖಾತೆ ಕ್ಲೋಸ್ ಮಾಡಿದ್ದೆ ಅಂತಾರೆ.

---

ಲೆಕ್ಕದಮನೆ_ಕುವೆಂಪುನಗರ · 1 ನವೆಂಬರ್

ಆ ಬ್ಯಾಂಕು ಜಮಾ ಮಾಡಲಾಗದೆ ಅದೇ ದಾರಿಯಲ್ಲಿ ವಾಪಸ್ ಕಳಿಸಬೇಕು. ಕಳಿಸಿದರೆ ನಿಮ್ಮ ಗೇಟ್‌ವೇ ಲೆಕ್ಕಕ್ಕೆ ಮತ್ತೆ ಜಮಾ ಕಾಣುತ್ತದೆ, ಆಗ ಗಿರಾಕಿಯ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಂಡು ಬೇರೆ ಖಾತೆಗೆ ಹಾಕಿ. ಅದು ವಾಪಸ್ ಬರುವ ಮೊದಲು ನೀವು ಕೈಯಿಂದ ಕೊಡಬೇಡಿ. ಮೊದಲು ಗೇಟ್‌ವೇಯಿಂದ ನಂಬರ್ ತರಿಸಿಕೊಳ್ಳಿ. ಯುಪಿಐ ಆಗಿದ್ದರೆ 12 ಅಂಕಿ, ಕಾರ್ಡ್ ಆಗಿದ್ದರೆ 23. ಅದನ್ನು ಗಿರಾಕಿಗೆ ಕೊಟ್ಟು ಅವರ ಹಳೆಯ ಬ್ಯಾಂಕಿನಲ್ಲಿ ಕೇಳಿಸಿ. ಯಾವುದರಲ್ಲಿ ಕಟ್ಟಿದ್ದರು?

---

ಬೆಲ್ಲದಂಗಡಿ_ಮಂಡ್ಯ · 1 ನವೆಂಬರ್

ಯುಪಿಐ ಸರ್. ಸೋಮವಾರ ನಂಬರ್ ತರಿಸಿ ಇಲ್ಲೇ ಹೇಳ್ತೀನಿ.